ಅರ್ಧ ಗಂಟೆಯಲ್ಲಿ ಕಪ್ಪಾದರೆ ಅದು ಬರೀ ಗೋರಂಟಿ ಅಲ್ಲ

ಆಕೆ ನನ್ನ ಕ್ಲಿನಿಕ್ಕಿಗೆ ಬಂದಾಗ ಎರಡೂ ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗಿದ್ದವು. ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ ನೀರುಗುಳ್ಳೆ. ತಲೆಗೆ ಏನು ಹಚ್ಚಿದಿರಿ ಎಂದು ಕೇಳಿದೆ. "ಕೆಮಿಕಲ್ ಏನೂ ಇಲ್ಲ ಮೇಡಂ, ಬರೀ ಮೆಹಂದಿ" ಅಂದರು. ಹಚ್ಚಿದ್ದು ಭಾನುವಾರ ಬೆಳಿಗ್ಗೆ, ಕಣ್ಣು ಊದಿದ್ದು ಮಂಗಳವಾರ.

ಪ್ಯಾಕೆಟ್ ಜೊತೆಗೇ ತಂದಿದ್ದರು, ಒಳ್ಳೆಯದಾಯಿತು. ಮನೆಯಲ್ಲೇ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಪುಡಿ. ಮುಂದುಗಡೆ "ಶೇ. 100 ನೈಸರ್ಗಿಕ, 30 ನಿಮಿಷದಲ್ಲಿ ಕಡುಕಪ್ಪು, ಅಡ್ಡಪರಿಣಾಮ ಇಲ್ಲ" ಎಂದಿತ್ತು. ಹಿಂದುಗಡೆ ಸಾಮಗ್ರಿಗಳ ಸಾಲಿನಲ್ಲಿ ಗೋರಂಟಿ, ನೆಲ್ಲಿಕಾಯಿ, ಭೃಂಗರಾಜ, ದಾಸವಾಳ, ಆಮೇಲೆ "ಇತರ ಗಿಡಮೂಲಿಕೆಗಳು". ನನ್ನ ಕಣ್ಣು ನಿಂತಿದ್ದು ಎರಡು ಕಡೆ: "30 ನಿಮಿಷ" ಮತ್ತು "ಇತರ".

ಗೋರಂಟಿ ಎಲೆಯಲ್ಲಿ ಬಣ್ಣ ಕೊಡುವ ವಸ್ತುವಿನ ಹೆಸರು ಲಾಸೋನ್. ಅದು ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಬಿಳಿ ಕೂದಲಿನ ಮೇಲೆ ಅದು ಕೇಸರಿಯಿಂದ ಇಟ್ಟಿಗೆ ಕೆಂಪಿನವರೆಗೆ ಬಣ್ಣ ಕೊಡುತ್ತದೆ, ಕಪ್ಪು ಮಾತ್ರ ಕೊಡುವುದಿಲ್ಲ. ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ನೆನೆಸಿ, ಚಹಾ ಡಿಕಾಕ್ಷನ್ ಹಾಕಿದರೆ ಬಣ್ಣ ಸ್ವಲ್ಪ ಗಾಢವಾಗಿ ಕಂದಿನ ಕಡೆಗೆ ಹೋಗುತ್ತದೆ, ಅಷ್ಟೇ. ಗಿಡದಿಂದಲೇ ಕಪ್ಪು ಬೇಕು ಅಂದರೆ ಗೋರಂಟಿ ತೊಳೆದ ಮೇಲೆ ನೀಲಿ ಗಿಡದ ಎಲೆಯ ಪುಡಿ, ಅಂದರೆ ಇಂಡಿಗೊ ಹಚ್ಚಬೇಕು. ಎರಡು ಸಲ ಹಚ್ಚಿ ಎರಡು ಸಲ ತೊಳೆಯುವ ಕೆಲಸ. ಅರ್ಧ ದಿನ ಹೋಗುತ್ತದೆ.

ಹಾಗಾದರೆ ಒಂದೇ ಪುಡಿ, ಒಂದೇ ಸಲ, ಅರ್ಧ ಗಂಟೆಯಲ್ಲಿ ಕಡುಕಪ್ಪು ಹೇಗೆ? ಸಾಮಾನ್ಯವಾಗಿ ಅದರೊಳಗೆ ಪಿಪಿಡಿ ಇರುತ್ತದೆ. ಪೂರ್ತಿ ಹೆಸರು ಪ್ಯಾರಾ-ಫೆನಿಲೀನ್‌ಡೈಅಮೀನ್. ಅಂಗಡಿಯ ಹೇರ್ ಡೈಗಳಲ್ಲಿ ಇರುವುದೂ ಅದೇ. ಅದನ್ನು ಬಳಸುವುದೇ ಕಾನೂನಿಗೆ ವಿರುದ್ಧ ಅಂತಲ್ಲ. ಅನೇಕರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಜೋರಾಗಿ ಅಲರ್ಜಿ ಆಗುತ್ತದೆ, ಒಮ್ಮೆ ಆದರೆ ಅದು ಸಾಮಾನ್ಯವಾಗಿ ಹೋಗುವುದೇ ಇಲ್ಲ. ಹೇರ್ ಡೈ ಡಬ್ಬಿಯಲ್ಲಿ ಹೆಸರು ಬರೆದಿರುತ್ತಾರೆ, ಎಚ್ಚರಿಕೆಯೂ ಇರುತ್ತದೆ. ಮೆಹಂದಿ ಹೆಸರಿನಲ್ಲಿ ಬಂದರೆ ಹಚ್ಚಿಕೊಳ್ಳುವವರಿಗೆ ಗೊತ್ತೇ ಆಗುವುದಿಲ್ಲ, ಅದೇ ತೊಂದರೆ.

ಪ್ಯಾಕೆಟ್ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾರುವಾಕೆ ಹೆದರಿಕೊಂಡೇ ಮಾತಾಡಿದರು, ಆದರೆ ಮುಚ್ಚಿಡಲಿಲ್ಲ. ಮೊದಲು ಶುದ್ಧ ಗೋರಂಟಿಯನ್ನೇ ಮಾರುತ್ತಿದ್ದರಂತೆ. ಗಿರಾಕಿಗಳು "ಕೆಂಪಾಗುತ್ತೆ, ಕಪ್ಪಾಗಲ್ಲ" ಅಂತ ವಾಪಸ್ ಕಳಿಸಲು ಶುರು ಮಾಡಿದಾಗ, ಸಗಟು ಅಂಗಡಿಯವನು ಒಂದು "ಕಪ್ಪು ಮೆಹಂದಿ" ಪುಡಿ ಕೊಟ್ಟಿದ್ದ. ಕಿಲೋಗೆ ಎರಡು ಚಮಚ ಬೆರೆಸಿ ಅಂದಿದ್ದನಂತೆ. ಅದರಲ್ಲಿ ಏನಿದೆ ಅಂತ ಆಕೆ ಕೇಳಿರಲಿಲ್ಲ. ಅದೇ "ಇತರ ಗಿಡಮೂಲಿಕೆ" ಆಗಿತ್ತು.

ಮುಂದಿನ ವಾರ ಆಕೆ ತಾವಾಗೇ ಬಂದರು. ಕಪ್ಪು ಪುಡಿಯನ್ನು ಬಿಟ್ಟಾಗಿತ್ತು. ಈಗ ಏನು ಬರೆಯಲಿ ಎಂದು ಕೇಳಿದರು. ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಬರೆದೆವು.

ಮೊದಲು ಸಾಮಗ್ರಿ. "ಇತರ" ಅನ್ನುವ ಪದವೇ ಬೇಡ ಅಂದೆ. ಏನಿದೆಯೋ ಅದೆಲ್ಲ, ಜಾಸ್ತಿ ಇರುವುದು ಮೊದಲು. 100 ಗ್ರಾಂನಲ್ಲಿ ಗೋರಂಟಿ 85, ನೆಲ್ಲಿಕಾಯಿ 10, ಭೃಂಗರಾಜ 5. ದಾಸವಾಳ ಚಿಟಿಕೆಯಷ್ಟೇ ಹಾಕುತ್ತಿದ್ದರು, ಹೆಸರಿಗೆ. ಅದನ್ನು ಕೈಬಿಟ್ಟರು. ರುಬ್ಬಿದ ತಿಂಗಳು, ಬ್ಯಾಚ್ ನಂಬರ್ ಕೂಡ ಸೇರಿಸಿದೆವು. ಗೋರಂಟಿ ಹಳೆಯದಾದಷ್ಟೂ ಬಣ್ಣ ಕಡಿಮೆ. ಬಿಸಿಲಿಗೆ ಇಟ್ಟರೆ ಇನ್ನೂ ಬೇಗ ಹಾಳು.

ಆಮೇಲೆ ಪ್ಯಾಚ್ ಟೆಸ್ಟ್. ಇಲ್ಲಿ ಹೆಚ್ಚು ಹೊತ್ತು ಕೂತೆವು, ಯಾಕೆಂದರೆ "ಮೊದಲು ಪರೀಕ್ಷಿಸಿ ನೋಡಿ" ಅಂತ ಬರೆದರೆ ಯಾರೂ ಮಾಡುವುದಿಲ್ಲ. ಮಾಡಿದರೂ ಹತ್ತು ನಿಮಿಷ ನೋಡಿ "ಏನೂ ಆಗಲಿಲ್ಲ" ಅಂತಾರೆ. ಈ ಅಲರ್ಜಿ ತಕ್ಷಣ ಬರುವುದಲ್ಲ. ನನ್ನ ರೋಗಿಗೆ ಎರಡು ದಿನ ಬೇಕಾಯಿತಲ್ಲ. ಪಿಪಿಡಿ ಇರುವ ಹೇರ್ ಡೈಗೆ ನಮ್ಮ ದೇಶದ ನಿಯಮದಲ್ಲೇ ಪರೀಕ್ಷೆಯ ಕ್ರಮ ಇದೆ: ಕಿವಿಯ ಹಿಂದೆ ಅಥವಾ ಮೊಣಕೈ ಕೆಳಗಿನ ಒಳಭಾಗವನ್ನು ತೊಳೆದು, ಸ್ವಲ್ಪ ಹಚ್ಚಿ, ಒಣಗಲು ಬಿಟ್ಟು, 24 ಗಂಟೆ ಆದ ಮೇಲೆ ತೊಳೆದು ನೋಡಬೇಕು. ಪ್ರತಿ ಸಲ ಬಳಸುವ ಮುಂಚೆ ಮಾಡಬೇಕು ಅಂತಲೂ ಅದರಲ್ಲಿದೆ. ನಾನು ಇನ್ನೊಂದು ದಿನ ಸೇರಿಸಿ 48 ಗಂಟೆ ಕಾಯಲು ಹೇಳುತ್ತೇನೆ. ಒಣ ಪುಡಿ ಉಜ್ಜಿದರೆ ಪ್ರಯೋಜನ ಇಲ್ಲ. ತಲೆಗೆ ಹಚ್ಚುವ ಹಾಗೆಯೇ ಕಲಸಿದ್ದನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹಚ್ಚಬೇಕು. ತುರಿಕೆ, ಉಬ್ಬು, ಗುಳ್ಳೆ ಕಂಡರೆ ತೊಳೆದುಬಿಡಿ, ತಲೆಗೆ ಹಚ್ಚಬೇಡಿ.

ಈ ಪರೀಕ್ಷೆಯಿಂದ ಇನ್ನೊಂದೂ ತಿಳಿಯುತ್ತದೆ. ಗೋರಂಟಿ ಚರ್ಮದ ಮೇಲೆ ಕೇಸರಿ ಕಲೆ ಬಿಡುತ್ತದೆ, ಒಂದೆರಡು ದಿನದಲ್ಲಿ ಅದು ಕಂದಾಗುತ್ತದೆ. ಒಂದೇ ಗಂಟೆಯಲ್ಲಿ ಅಲ್ಲಿ ಕಪ್ಪು ಕಲೆ ಬಿದ್ದರೆ, ಪ್ಯಾಕೆಟ್‌ನಲ್ಲಿ ಏನೇ ಬರೆದಿರಲಿ, ಅದನ್ನು ತಲೆಗೆ ಹಚ್ಚಬೇಡಿ.

ಕೊನೆಗೆ ಫಲಿತಾಂಶ. ಇಲ್ಲಿ ಆಕೆ ಸ್ವಲ್ಪ ಗೊಣಗಿದರು. "ಇಷ್ಟೆಲ್ಲ ನಿಜ ಬರೆದರೆ ಯಾರು ತಗೋತಾರೆ ಮೇಡಂ?" ಅಂದರು. ಆದರೂ ಬರೆದೆವು. ಬಿಳಿ ಕೂದಲು ಕಪ್ಪಾಗುವುದಿಲ್ಲ, ಕೇಸರಿ-ಕೆಂಪಾಗುತ್ತದೆ. ಕಪ್ಪು ಕೂದಲಿನಲ್ಲಿ ಬಿಸಿಲಿಗೆ ನಿಂತಾಗ ಮಾತ್ರ ಕೆಂಪು ಛಾಯೆ ಕಾಣುತ್ತದೆ. ಎರಡರಿಂದ ಮೂರು ಗಂಟೆ ಬಿಡಬೇಕು. ತೊಳೆದ ದಿನ ಬಣ್ಣ ಕಣ್ಣಿಗೆ ಹೊಡೆಯುವಷ್ಟು ಕೇಸರಿ ಇರುತ್ತದೆ, ಗಾಬರಿ ಬೇಡ, ಎರಡು ದಿನದಲ್ಲಿ ಗಾಢವಾಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಮೂರು-ನಾಲ್ಕು ವಾರಕ್ಕೆ ಬುಡದಲ್ಲಿ ಬಿಳಿ ಕಾಣುತ್ತದೆ. ಆಗ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು.

ಒಂದು ಸಾಲನ್ನು ನಾನೇ ಹಟ ಮಾಡಿ ಸೇರಿಸಿದೆ: ಎಳೆ ಕೂಸುಗಳಿಗೆ ಹಚ್ಚಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಶುದ್ಧ ಗೋರಂಟಿಯೂ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಕೊರತೆ ಇದೆಯೋ ಇಲ್ಲವೋ ಮುಂಚೆ ಗೊತ್ತಿರುವುದಿಲ್ಲ.

ಆಕೆ ಭೃಂಗರಾಜದ ಎಣ್ಣೆಯನ್ನೂ ಮಾರುತ್ತಾರೆ. ಅದರ ಮೇಲೆ "15 ದಿನದಲ್ಲಿ ಬೋಳು ತಲೆಗೆ ಕೂದಲು" ಎಂದಿತ್ತು. ಅದನ್ನು ಪೆನ್ನಿಂದ ಹೊಡೆದುಹಾಕಿದೆ. 15 ದಿನದಲ್ಲಿ ಬೆಳೆಯುವ ಕೂದಲೇ ಅರ್ಧ ಸೆಂಟಿಮೀಟರ್. ಬೋಳುತನ ವಾಸಿ ಮಾಡುತ್ತೇನೆ ಅಂತ ಔಷಧ ಮಾರುವುದಕ್ಕೆ ಕಾನೂನಿನಲ್ಲೂ ಅಡ್ಡಿ ಇದೆ. ಎಣ್ಣೆ ಒಣ ಕೂದಲನ್ನು ಮೆತ್ತಗೆ ಮಾಡುತ್ತದೆ, ಬಾಚುವಾಗ ತುಂಡಾಗುವುದು ಕಡಿಮೆ ಆಗುತ್ತದೆ. ಅದನ್ನು ಬರೆದರೆ ಸುಳ್ಳಲ್ಲ. ಜ್ವರ ಅಥವಾ ಹೆರಿಗೆ ಆಗಿ ಎರಡು-ಮೂರು ತಿಂಗಳಿಗೆ ಉದುರುವ ಕೂದಲು ಹೆಚ್ಚಿನವರಲ್ಲಿ ತಾನಾಗೇ ವಾಪಸ್ ಬರುತ್ತದೆ. ಆ ಹೊತ್ತಿಗೆ ಹಚ್ಚುತ್ತಿದ್ದ ಎಣ್ಣೆಗೆ ಹೆಸರು ಬರುತ್ತದೆ, ಅಷ್ಟೇ!

ನನ್ನ ರೋಗಿಯ ಊತ ಸ್ಟೆರಾಯ್ಡ್ ಮಾತ್ರೆಯಿಂದ ಒಂದು ವಾರದಲ್ಲಿ ಇಳಿಯಿತು. ಇನ್ನು ಮುಂದೆ ಹೇರ್ ಡೈ ಕೊಳ್ಳುವಾಗ ಪಿಪಿಡಿ ಹೆಸರನ್ನು ಹುಡುಕಿ ನೋಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.

ಎರಡು ತಿಂಗಳ ಮೇಲೆ ಮಾರುವಾಕೆಯ ಫೋನ್ ಬಂತು. "ಮೇಡಂ, ಒಬ್ಬರು ಕೈಗೆ ಹಚ್ಚಿ ನೋಡಿದ್ರಂತೆ, ಕೆಂಪಗಾಗಿದೆ, ಅಲರ್ಜಿನಾ ಅಂತ ಕೇಳ್ತಿದ್ದಾರೆ."

"ತುರಿಕೆ ಇದೆಯಂತಾ? ಬೆರಳಾಡಿಸಿದರೆ ಉಬ್ಬು ಸಿಗುತ್ತಾ?"

ಆ ಕಡೆ ಸ್ವಲ್ಪ ಹೊತ್ತು ವಿಚಾರಿಸಿದ ಸದ್ದು. "ಇಲ್ವಂತೆ. ನುಣ್ಣಗಿದೆಯಂತೆ."

"ಹಾಗಾದರೆ ಅದು ಗೋರಂಟಿಯ ಬಣ್ಣ. ಆದರೂ ನಾಳೆ ಸಂಜೆವರೆಗೆ ಕಾಯೋಕೆ ಹೇಳಿ" ಅಂದೆ.