ಮಾತಿನ ಧ್ವನಿಮುದ್ರಣದಿಂದ ಕೋಣೆಯ ಅನುರಣನ ತೆಗೆಯುವುದು: ಡಿರಿವರ್ಬ್ ಎಲ್ಲಿಯವರೆಗೆ ನೆರವಾಗುತ್ತದೆ?

ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ. ಕೋಣೆಯ ಉದ್ದ 3.6 ಮೀಟರ್, ಅಗಲ 3 ಮೀಟರ್, ಎತ್ತರ 3 ಮೀಟರ್. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಒಂದು ಮರದ ಮೇಜು. ಇವನ್ನು ಬಿಟ್ಟರೆ ಕೋಣೆ ಬಹುಮಟ್ಟಿಗೆ ಖಾಲಿ. ಮೇಜಿನ ಒಂದು ಬದಿಯಲ್ಲಿ ಕುಳಿತವರು ಪಾಠವೊಂದನ್ನು ಓದುತ್ತಿದ್ದಾರೆ, ಎದುರಿಗೆ 1.2 ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು ರೆಕಾರ್ಡ್ ಮಾಡುತ್ತಿದೆ. ಕೇಳಿದರೆ ಮಾತು ಅರ್ಥವಾಗುತ್ತದೆ, ಆದರೆ ಬಾವಿಯೊಳಗಿಂದ ಬಂದಂತಿರುತ್ತದೆ.

ಈ ಕೋಣೆಯಲ್ಲಿ ಧ್ವನಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಸೇಬಿನ್ ಸೂತ್ರದಿಂದ ಅಂದಾಜು ಮಾಡಬಹುದು. ಧ್ವನಿಯ ಮಟ್ಟ 60 ಡೆಸಿಬೆಲ್ ಇಳಿಯಲು ಬೇಕಾದ ಸಮಯವೇ ಅನುರಣನ ಕಾಲ.

```
T = 0.161 × V / A
```

ಇಲ್ಲಿ V ಎಂದರೆ ಕೋಣೆಯ ಘನಗಾತ್ರ, 32.4 ಘನ ಮೀಟರ್. A ಎಂದರೆ ಒಟ್ಟು ಹೀರಿಕೆ. ಗೋಡೆ, ನೆಲ, ಚಾವಣಿ ಸೇರಿ 61.2 ಚದರ ಮೀಟರ್ ಇದೆ. ಅದು ತನಗೆ ತಾಗಿದ ಧ್ವನಿಯಲ್ಲಿ ನೂರಕ್ಕೆ 5ರಷ್ಟನ್ನು ಮಾತ್ರ ಹೀರುತ್ತದೆ ಎಂದುಕೊಂಡರೆ A ಸುಮಾರು 3.06 ಆಗುತ್ತದೆ, T ಸುಮಾರು 1.7 ಸೆಕೆಂಡ್ ಬರುತ್ತದೆ. ಹಾಸಿಗೆ, ದಪ್ಪ ಪರದೆ, ಬಟ್ಟೆಯ ರಾಶಿ ಸೇರಿ ಇನ್ನು 6 ಚದರ ಮೀಟರಿನಷ್ಟು ಹೀರಿಕೆ ಕೂಡಿದರೆ ಅದೇ ಕೋಣೆಯಲ್ಲಿ T ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ.

ಫ್ಯಾನಿನ ಸದ್ದು ತೆಗೆಯುವ ಉಪಾಯ ಇಲ್ಲಿ ಏಕೆ ನಡೆಯುವುದಿಲ್ಲ

ನನಗೆ ಬಹಳ ಹೊತ್ತು ಹಿಡಿದದ್ದು ಈ ಹೆಜ್ಜೆ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸಿ ಬರೆಯುತ್ತೇನೆ.

ಫ್ಯಾನಿನ ಸದ್ದನ್ನು ತೆಗೆಯುವಾಗ ಯಾರೂ ಮಾತನಾಡದ ಒಂದೆರಡು ಸೆಕೆಂಡಿನ ಭಾಗವನ್ನು ಆಯ್ದು, ‘ತೆಗೆಯಬೇಕಾದದ್ದು ಇದು’ ಎಂದು ಉಪಕರಣಕ್ಕೆ ತೋರಿಸುತ್ತೇವೆ. ಫ್ಯಾನು ಮಾತಿದ್ದಾಗಲೂ ಇಲ್ಲದಾಗಲೂ ಒಂದೇ ಸಮನೆ ತಿರುಗುತ್ತಿರುವುದರಿಂದ ಆ ಮಾದರಿ ಇಡೀ ರೆಕಾರ್ಡಿಂಗಿಗೆ ಒಪ್ಪುತ್ತದೆ. ಅನುರಣನಕ್ಕೆ ಹೀಗೆ ತೋರಿಸಬಲ್ಲ ಮಾದರಿಯೇ ಇಲ್ಲ. ಮಾತು ನಿಂತು ಎರಡು ಸೆಕೆಂಡ್ ಕಳೆದ ಮೇಲೆ ಅದು ಇರುವುದೇ ಇಲ್ಲ. ಮಾತು ಇರುವಾಗ ಅದು ಆ ಮಾತಿನದೇ ಸಾವಿರಾರು ಪ್ರತಿಗಳು, ಒಂದೊಂದೂ ಸ್ವಲ್ಪ ತಡವಾಗಿ, ಸ್ವಲ್ಪ ಕುಗ್ಗಿ, ಒಂದರ ಮೇಲೊಂದು ಬಿದ್ದಿರುತ್ತವೆ. ‘ಆ’ ಎಂದ ಮೇಲೆ ಉಳಿಯುವ ಬಾಲಕ್ಕೆ ‘ಆ’ಕಾರದ ಬಣ್ಣ, ‘ಸ’ ಎಂದ ಮೇಲೆ ಉಳಿಯುವುದಕ್ಕೆ ‘ಸ’ಕಾರದ ಬಣ್ಣ. ಗಣಿತದ ಮಾತಿನಲ್ಲಿ ಹೇಳುವುದಾದರೆ ಫ್ಯಾನಿನ ಸದ್ದು ಮಾತಿಗೆ ಕೂಡುತ್ತದೆ, ಕೋಣೆಯಾದರೋ ಮಾತನ್ನು ತನ್ನೊಳಗೆ ಹಾಯಿಸಿ ಹರಡುತ್ತದೆ.

```
ಫ್ಯಾನು:  y = x + n
ಕೋಣೆ:  y = x * h
```

ಎರಡನೆಯ ಸಾಲಿನ * ಚಿಹ್ನೆ ಗುಣಾಕಾರವಲ್ಲ, ಕನ್ವಲ್ಯೂಷನ್. x ಎಂಬುದು ಮೂಲ ಮಾತು, n ಫ್ಯಾನಿನ ಸದ್ದು, y ಫೋನಿನಲ್ಲಿ ಮುದ್ರಣವಾದದ್ದು. h ಎಂಬುದು ಬಾಯಿಯಿಂದ ಫೋನಿನವರೆಗಿನ ಹಾದಿಯಲ್ಲಿ ಕೋಣೆ ಮಾಡುವ ಒಟ್ಟು ಬದಲಾವಣೆ. ಅದು ನಿಖರವಾಗಿ ಗೊತ್ತಿದ್ದರೆ ತಿರುವು ಹಾಕಿ x ಅನ್ನು ಮರಳಿ ಪಡೆಯಲು ಪ್ರಯತ್ನಿಸಬಹುದಿತ್ತು. ಆದರೆ ನಮ್ಮ ಕೈಯಲ್ಲಿರುವುದು y ಒಂದೇ. ಓದುವವರು ತಲೆಯನ್ನು ಒಂದು ಗೇಣು ಅತ್ತ ಸರಿಸಿದರೂ h ಬದಲಾಗುತ್ತದೆ.

ಹೀಗಾಗಿ ಸಾಮಾನ್ಯ ಡಿರಿವರ್ಬ್ ಉಪಕರಣ ಮಾತನ್ನು ಮರಳಿ ಕಟ್ಟಲು ಹೋಗುವುದಿಲ್ಲ, ಲೆಕ್ಕ ಹಾಕುತ್ತದೆ. ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ, ಒಂದೊಂದು ತುಂಡನ್ನೂ ಆವರ್ತನದ ಪಟ್ಟಿಗಳಾಗಿ ವಿಂಗಡಿಸುತ್ತದೆ. ಪ್ರತಿಯೊಂದು ಪಟ್ಟಿಯಲ್ಲೂ ‘ಸ್ವಲ್ಪ ಮುಂಚೆ ಇಷ್ಟು ಧ್ವನಿಯಿತ್ತು, ಈ ಕೋಣೆಯ ಇಳಿಕೆಯ ವೇಗ ಇಷ್ಟು, ಹಾಗಾದರೆ ಈಗ ಇಷ್ಟು ಬಾಲ ಉಳಿದಿರಬೇಕು’ ಎಂದು ಅಂದಾಜಿಸಿ, ಅಷ್ಟನ್ನು ಈಗಿನ ಮಟ್ಟದಿಂದ ತಗ್ಗಿಸುತ್ತದೆ. ಅದು ತೆಗೆಯುವುದು ಊಹಿಸಿದ ಬಾಲವನ್ನು ಎಂಬುದು ತಲೆಗೆ ಹೋದ ಮೇಲೆ ಉಪಕರಣದ ಎಲ್ಲ ಗುಣಗಳೂ ಎಲ್ಲ ದೋಷಗಳೂ ಒಟ್ಟಿಗೇ ಅರ್ಥವಾಗುತ್ತವೆ.

‘ಕತೆ’ ಮತ್ತು ‘ಕತ್ತೆ’

ಕನ್ನಡದಲ್ಲಿ ಇದನ್ನು ಪರೀಕ್ಷಿಸಲು ಒತ್ತಕ್ಷರಕ್ಕಿಂತ ಒಳ್ಳೆಯ ಜಾಗವಿಲ್ಲ. ‘ಕತ್ತೆ’ ಎನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಅಂಟಿ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಆ ಕ್ಷಣ ಪೂರ್ತಿ ಮೌನ. ‘ಕತೆ’ಯಲ್ಲೂ ಮೌನವಿದೆ, ಆದರೆ ಗಿಡ್ಡದು. ಕಿವಿ ಎರಡನ್ನೂ ಬೇರೆ ಮಾಡಿ ತಿಳಿಯುವುದು ಬಹುಮಟ್ಟಿಗೆ ಈ ಮೌನದ ಉದ್ದದಿಂದಲೇ.

ಒತ್ತಿನ ಮೌನ 150 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. 1.7 ಸೆಕೆಂಡಿನ ಕೋಣೆಯಲ್ಲಿ ಬಾಲ ಸೆಕೆಂಡಿಗೆ ಸುಮಾರು 35 ಡೆಸಿಬೆಲ್ ವೇಗದಲ್ಲಿ ಇಳಿಯುತ್ತದೆ. ಅಂದರೆ ಆ ಮೌನ ಮುಗಿಯುವಷ್ಟರಲ್ಲಿ ಹಿಂದಿನ ‘ಅ’ಕಾರದ ಬಾಲ ಇಳಿದಿರುವುದು ಸುಮಾರು 5 ಡೆಸಿಬೆಲ್ ಮಾತ್ರ. ಮೌನ ಇರಬೇಕಾದ ಜಾಗವನ್ನು ‘ಅ’ ತುಂಬಿಕೊಂಡಿರುತ್ತದೆ. ಅದೇ 0.6 ಸೆಕೆಂಡಿನ ಕೋಣೆಯಾಗಿದ್ದರೆ 15 ಡೆಸಿಬೆಲ್ ಇಳಿದು, ತಡೆ ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಪೆಕ್ಟ್ರೋಗ್ರಾಮಿನಲ್ಲಿ ನೋಡಿದರೆ, ಒಳ್ಳೆಯ ಮುದ್ರಣದಲ್ಲಿ ಒತ್ತಿನ ಜಾಗ ಕಪ್ಪು ಕಂಬದಂತೆ ಕಾಣುತ್ತದೆ. ಗುಂಯ್‌ಗುಡುವ ಕೋಣೆಯಲ್ಲಿ ಆ ಕಂಬದೊಳಗೆ ಹಿಂದಿನ ಸ್ವರದ ಗೆರೆಗಳು ಮಸುಕಾಗಿ ಮುಂದುವರಿದಿರುತ್ತವೆ.

ಡಿರಿವರ್ಬ್ ನಿಜವಾಗಿ ನೆರವಾಗುವುದು ಇಲ್ಲಿಯೇ. ಬಾಲದ ಅಂದಾಜು ಸರಿಯಿದ್ದರೆ ಆ ಕಂಬ ಮತ್ತೆ ಕಪ್ಪಾಗುತ್ತದೆ, ಒತ್ತು ಮರಳಿ ಬರುತ್ತದೆ. ಅತಿಯಾದರೆ ತೊಂದರೆ ಕಾಣಿಸಿಕೊಳ್ಳುವುದು ವಾಕ್ಯದ ಕೊನೆಯಲ್ಲಿ. ನಮ್ಮ ವಾಕ್ಯಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಮುಗಿಯುವಾಗ ದನಿಯೂ ಇಳಿದಿರುತ್ತದೆ. ‘ಬಂದಿದ್ದಾರೆ’ ಎಂಬುದರ ಕೊನೆಯ ‘ರೆ’, ಅದರ ಹಿಂದಿನ ‘ದ್ದಾ’ದ ಬಾಲಕ್ಕಿಂತ ಕೆಳಗಿದ್ದರೆ, ಉಪಕರಣಕ್ಕೆ ಅದೂ ಬಾಲದಂತೆಯೇ ತೋರುತ್ತದೆ. ಆಗ ‘ಬಂದಿದ್ದಾ’ ಎಂದು ಮೊಟಕಾಗಿ, ಹೇಳಿದ್ದು ಕೇಳಿದ ಪ್ರಶ್ನೆಯಂತಾಗಬಹುದು.

ಹೊಂದಿಸುವ ಕ್ರಮ

ಮೊದಲು ಬಾಲವನ್ನು ಅಳೆಯಿರಿ. ವಾಕ್ಯ ಮುಗಿದು ಓದುವವರು ಉಸಿರಿಗೆ ಮುನ್ನ ನಿಂತ ಜಾಗವನ್ನು ಹುಡುಕಿ, ಮಟ್ಟ 20 ಡೆಸಿಬೆಲ್ ಇಳಿಯಲು ಎಷ್ಟು ಸಮಯ ಹಿಡಿಯಿತೆಂದು ನೋಡಿ ಮೂರರಿಂದ ಗುಣಿಸಿದರೆ ಅನುರಣನ ಕಾಲ ಸಿಗುತ್ತದೆ. ನಮ್ಮ ಖಾಲಿ ಕೋಣೆಯಲ್ಲಿ ಆ 20 ಡೆಸಿಬೆಲ್ ಇಳಿಕೆಗೆ 0.57 ಸೆಕೆಂಡಿನಷ್ಟು ಹಿಡಿಯಬೇಕು. ಪೂರ್ತಿ 60 ಡೆಸಿಬೆಲ್ ಇಳಿಯುವುದನ್ನು ಕಾಯುವುದು ವ್ಯರ್ಥ. ಅದಕ್ಕಿಂತ ಮೊದಲೇ ಬಾಲ ಫ್ಯಾನಿನ ಸದ್ದಿನಲ್ಲಿ ಮುಳುಗಿರುತ್ತದೆ.

ಐಜೋಟೋಪ್ ಸಂಸ್ಥೆಯ RX ತಂತ್ರಾಂಶದ De-reverb ನಲ್ಲಿ ಇದಕ್ಕೆ Learn ಎಂಬ ಗುಂಡಿಯಿದೆ. ಮಾತೂ ಮಾತಿನ ನಂತರದ ಬಾಲವೂ ಇರುವ ಭಾಗವನ್ನು ಆಯ್ದು ಒತ್ತಿದರೆ ಅದೇ ಅಂದಾಜು ಮಾಡುತ್ತದೆ. ಆಮೇಲೆ ಅಲ್ಲಿಯೇ ಇರುವ Output reverb only ಎಂಬ ಚೌಕವನ್ನು ಗುರುತು ಹಾಕಿ ಕೇಳಿ. ಈ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು. ಉಳಿಸಿದ್ದನ್ನು ಕೇಳುವಾಗ ಕಿವಿ ಬೇಗ ಒಗ್ಗಿಕೊಳ್ಳುತ್ತದೆ, ಎರಡು ನಿಮಿಷದಲ್ಲಿ ಕೆಟ್ಟದ್ದೂ ಸರಿಯೆನಿಸುತ್ತದೆ. ತೆಗೆದದ್ದನ್ನು ಮಾತ್ರ ಕೇಳಿದಾಗ ಹಾಗಾಗುವುದಿಲ್ಲ. ಅದರಲ್ಲಿ ಸ್ವರಗಳ ಮಸುಕಾದ ಗುಂಗು ಮಾತ್ರ ಇದ್ದರೆ ಹೊಂದಿಕೆ ಸರಿಯಿದೆ. ಪದಗಳು ಒಂದೊಂದಾಗಿ ಗುರುತು ಸಿಗುವಂತಿದ್ದರೆ, ಅದರಲ್ಲೂ ‘ಪ’, ‘ಟ’, ‘ಕ’ಗಳ ಸಿಡಿತ ಕೇಳುತ್ತಿದ್ದರೆ, ಮಾತೇ ಕಳೆದುಹೋಗುತ್ತಿದೆ ಎಂದರ್ಥ. ಆಗ Reduction ಅನ್ನು ಸಿಡಿತ ಮಾಯವಾಗುವವರೆಗೆ ಇಳಿಸಬೇಕು. ಈ ಸೌಲಭ್ಯವಿಲ್ಲದ ತಂತ್ರಾಂಶದಲ್ಲಿ, ಸಂಸ್ಕರಣೆಯು ಧ್ವನಿಯನ್ನು ಹಿಂದುಮುಂದು ಸರಿಸದಿದ್ದರೆ, ಸಂಸ್ಕರಿಸಿದ ಟ್ರ್ಯಾಕನ್ನು ತಲೆಕೆಳಗು ಮಾಡಿ ಮೂಲದೊಂದಿಗೆ ಕೂಡಿಸಿದರೂ ಇದೇ ವ್ಯತ್ಯಾಸ ಸಿಗುತ್ತದೆ.

ಕಂಪ್ರೆಸರ್ ಬಳಸುವುದಿದ್ದರೆ ಡಿರಿವರ್ಬ್ ನಂತರವೇ ಬಳಸಬೇಕು. ಮೊದಲೇ ಬಳಸಿದರೆ ಅದು ಬಾಲವನ್ನು ಎತ್ತಿ, ಇಳಿಕೆಯ ವೇಗವನ್ನೇ ಬದಲಿಸುತ್ತದೆ. ಫೋನಿನ ತಾನೇತಾನಾಗಿ ಮಟ್ಟ ಹೊಂದಿಸುವ ವ್ಯವಸ್ಥೆಯೂ ಇದನ್ನೇ ಮಾಡುತ್ತದೆ. ಅಂತಹ ಮುದ್ರಣದಲ್ಲಿ ಬಾಲದ ಅಂದಾಜು ಜಾಗದಿಂದ ಜಾಗಕ್ಕೆ ತಪ್ಪುತ್ತಾ ಹೋಗುತ್ತದೆ.

ಮೇಜು ಮಾಡುವ ಹಾನಿ

ಬಾಲ ಹೋದ ಮೇಲೂ ದನಿ ಡಬ್ಬಿಯೊಳಗಿನದರಂತೆ ಉಳಿಯುವುದುಂಟು. ಅದಕ್ಕೆ ಕಾರಣ ತಡವಾಗಿ ಬರುವ ಅನುರಣನವಲ್ಲ, ತಕ್ಷಣ ಬರುವ ಮೊದಲ ಪ್ರತಿಫಲನಗಳು. ಬಾಯಿ ಮೇಜಿನಿಂದ 40 ಸೆಂಟಿಮೀಟರ್ ಮೇಲೆ, ಫೋನು 20 ಸೆಂಟಿಮೀಟರ್ ಮೇಲೆ ಇದ್ದರೆ, ಮೇಜಿಗೆ ತಾಗಿ ಬರುವ ಧ್ವನಿ ನೇರ ಧ್ವನಿಗಿಂತ 12.5 ಸೆಂಟಿಮೀಟರ್ ಹೆಚ್ಚು ಸಾಗುತ್ತದೆ, ಅಂದರೆ 0.36 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆಗ ಸುಮಾರು 1,370 ಹರ್ಟ್ಸ್‌ನಲ್ಲಿ ಎರಡೂ ಒಂದಕ್ಕೊಂದು ಎದುರಾಗಿ ಸೇರಿ ಮಾತಿನ ನಡುಭಾಗದಲ್ಲಿಯೇ ಹಳ್ಳ ಬೀಳುತ್ತದೆ. ಉಪಕರಣ ಹತ್ತಾರು ಮಿಲಿಸೆಕೆಂಡಿನ ತುಂಡುಗಳಲ್ಲಿ ಯೋಚಿಸುವುದರಿಂದ ಇಷ್ಟು ಹತ್ತಿರದ ಪ್ರತಿಯನ್ನು ಮೂಲದಿಂದ ಬೇರೆಯೆಂದು ಕಾಣಲಾರದು. ಈಕ್ವಲೈಜರಿನಿಂದ ತುಂಬೋಣವೆಂದರೆ ತಲೆ ಅಲ್ಲಾಡಿದಂತೆಲ್ಲ ಹಳ್ಳವೂ ಸರಿಯುತ್ತದೆ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಮತ್ತೆ ಓದಿಸುವುದೇ ಇದಕ್ಕೆ ಮದ್ದು.

ದೂರದ ಲೆಕ್ಕ

ನೇರ ಧ್ವನಿಯೂ ಅನುರಣನವೂ ಸಮಬಲವಾಗುವ ದೂರವನ್ನು 0.057 × √(V/T) ಎಂದು ಅಂದಾಜಿಸುತ್ತಾರೆ. ನಮ್ಮ ಖಾಲಿ ಕೋಣೆಯಲ್ಲಿ ಅದು ಕೇವಲ 25 ಸೆಂಟಿಮೀಟರ್. ಫೋನು 1.2 ಮೀಟರ್ ದೂರದಲ್ಲಿದ್ದಾಗ ಅನುರಣನವೇ ಸುಮಾರು 14 ಡೆಸಿಬೆಲ್ ಮೇಲಿರುತ್ತದೆ. 15 ಸೆಂಟಿಮೀಟರಿಗೆ ತಂದರೆ ನೇರ ಧ್ವನಿಯೇ 4 ಡೆಸಿಬೆಲ್ ಮೇಲಾಗುತ್ತದೆ. ಫೋನನ್ನು ಸರಿಸಿದ್ದರಿಂದಷ್ಟೇ 18 ಡೆಸಿಬೆಲ್ ಲಾಭ. ನನ್ನ ಕಿವಿಗೆ ಡಿರಿವರ್ಬ್ ಈ ಲಾಭದ ಅರ್ಧದಷ್ಟನ್ನು ಕೊಡುವಷ್ಟರಲ್ಲೇ ದನಿ ನೀರಿನೊಳಗಿನಂತೆ ಕೇಳತೊಡಗುತ್ತದೆ. ಮತ್ತೆ ಓದಿಸಲು ಸಾಧ್ಯವಿರುವ ಪಾಠಕ್ಕೆ ನಾನು ಉಪಕರಣವನ್ನು ಆರಿಸುವುದಿಲ್ಲ. ಮತ್ತೆ ಸಿಗದ ಸಂದರ್ಶನಕ್ಕೆ, ಸ್ವಲ್ಪ ಗುಂಗನ್ನು ಬೇಕೆಂದೇ ಉಳಿಸಿ ಬಳಸುತ್ತೇನೆ.

ನರಜಾಲದ ಮಾದರಿಗಳನ್ನು ಬಳಸುವ ಹೊಸ ಉಪಕರಣಗಳು ಈ ಮಿತಿಯನ್ನು ದಾಟಿದಂತೆ ಕೇಳುತ್ತವೆ, ಏಕೆಂದರೆ ಅವುಗಳಲ್ಲಿ ಕೆಲವು ಬಾಲವನ್ನು ಕಳೆಯುವ ಬದಲು ಮಾತನ್ನು ಹೊಸದಾಗಿ ಹುಟ್ಟಿಸುತ್ತವೆ. ಅಲ್ಲಿ ಅಪಾಯ ಬೇರೆ ಬಗೆಯದು: ಮೂಲದಲ್ಲಿ ಮಸುಕಾಗಿದ್ದ ಅಕ್ಷರದ ಜಾಗದಲ್ಲಿ ಸ್ಪಷ್ಟವಾದ, ಆದರೆ ತಪ್ಪಾದ ಅಕ್ಷರ ಕೂರಬಹುದು. ನೀರಿನೊಳಗಿನ ದನಿಯಂತೆ ಅದು ತನ್ನ ದೋಷವನ್ನು ತೋರಿಸಿಕೊಳ್ಳುವುದಿಲ್ಲ. ಆದ್ದರಿಂದ ಇಂತಹ ಫಲಿತಾಂಶವನ್ನು ಮೂಲ ಮುದ್ರಣದ ಪಕ್ಕದಲ್ಲಿಟ್ಟು, ಹೆಸರು, ಸಂಖ್ಯೆ, ಒತ್ತಕ್ಷರ, ‘ಲ’ ಮತ್ತು ‘ಳ’ ಬರುವ ಜಾಗಗಳನ್ನು ಒಂದೊಂದಾಗಿ ಕೇಳಿ ಹೋಲಿಸಬೇಕು. ಹೊಂದದ ಜಾಗದಲ್ಲಿ ಗುಂಗಿನೊಡನೆಯೇ ಮೂಲವನ್ನು ಉಳಿಸಿಕೊಳ್ಳಬೇಕು.