ತಾಮ್ರ ಹೊರಹೋಗದ ಲಿವರ್: ಹರೆಯದವರ ಕಾಮಣಿಯ ಹಿಂದೆ ವಿಲ್ಸನ್ ಕಾಯಿಲೆ

ಗದಗ, ಹಾವೇರಿ ಸೀಮೆಯ ಹಳ್ಳಿಗಳಿಂದ ಕಾಮಣಿಯೆಂದು ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಿರುವುದು ನೀರು, ಆಹಾರದಿಂದ ಹರಡುವ ವೈರಾಣುವಿನ ಸೋಂಕು. ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಊರಿನ ಸೊಪ್ಪಿನ ಔಷಧಕ್ಕೆ ಬಂದಿರುವ ಹೆಸರಿನಲ್ಲಿ ಬಹುಪಾಲು ಹೀಗೆ ತಾನಾಗಿ ಇಳಿದ ಕಾಮಣಿಯ ಕೊಡುಗೆಯೇ. ತೊಡಕಿರುವುದು ಇಳಿಯದ ಕಾಮಣಿಯಲ್ಲಿ, ಅಥವಾ ಇಳಿದಂತೆ ಮಾಡಿ ಆರು ತಿಂಗಳಿಗೆ ಕಾಲು ಬಾವು, ಹೊಟ್ಟೆಯಲ್ಲಿ ನೀರಿನೊಂದಿಗೆ ಮರಳುವ ಕಾಮಣಿಯಲ್ಲಿ. ವೈರಾಣು ಪರೀಕ್ಷೆಗಳೆಲ್ಲ ನೆಗೆಟಿವ್ ಬಂದು, ಕುಡಿತದ ಪ್ರಶ್ನೆಯೇ ಇಲ್ಲದ ಹದಿನಾಲ್ಕರ ಹುಡುಗಿಯ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿ ಸಿರೋಸಿಸ್ ಆದಂತೆ ಸ್ಕ್ಯಾನಿನಲ್ಲಿ ಕಂಡಾಗ, ವೈದ್ಯರು ಮೊದಲ ಸಾಲಿನಲ್ಲಿಯೇ ಸಂಶಯಿಸಬೇಕಾದ ಕಾಯಿಲೆಗಳಲ್ಲಿ, ಹುಟ್ಟಿನಿಂದಲೇ ಲಿವರಿನಲ್ಲಿ ತಾಮ್ರ ತುಂಬುತ್ತ ಹೋಗುವ ವಿಲ್ಸನ್ ಕಾಯಿಲೆ ಒಂದು. ಲಿವರಿನ ಸಾಮಾನ್ಯ ರಕ್ತಪರೀಕ್ಷೆಯಾಗಲಿ, ಹೊಟ್ಟೆಯ ಸ್ಕ್ಯಾನಾಗಲಿ ಅದನ್ನು ಹೆಸರಿಟ್ಟು ಹೇಳುವುದಿಲ್ಲ. ಅದನ್ನೇ ಹುಡುಕಿಕೊಂಡು ಹೋದವರಿಗೆ ಮಾತ್ರ ಅದು ಸಿಗುತ್ತದೆ.

ಹುಡುಕುವ ಈ ಅಭ್ಯಾಸ ವೈದ್ಯಕೀಯಕ್ಕೆ ತಡವಾಗಿ ಬಂತು, ಏಕೆಂದರೆ ಈ ಕಾಯಿಲೆ ಮೊದಲು ಪುಸ್ತಕ ಸೇರಿದ್ದು ಮಿದುಳಿನ ಕಾಯಿಲೆಯಾಗಿ. ಲಂಡನ್ನಿನ ನರರೋಗ ಆಸ್ಪತ್ರೆಯೊಂದರಲ್ಲಿದ್ದ ಕಿನ್ನಿಯರ್ ವಿಲ್ಸನ್ 1912ರಲ್ಲಿ ಬರೆದ ದೀರ್ಘ ಪ್ರಬಂಧದಲ್ಲಿ ಕೈನಡುಕ, ಬಿಗಿದ ಸ್ನಾಯು, ತೊದಲುವ ಮಾತಿನಿಂದ ನರಳಿ ಸತ್ತ ಎಳೆಯ ವಯಸ್ಸಿನವರನ್ನು ವಿವರಿಸಿದರು. ಮರಣೋತ್ತರ ಪರೀಕ್ಷೆಯಲ್ಲಿ ಅವರೆಲ್ಲರ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿತ್ತು, ಆದರೆ ಬದುಕಿದ್ದಾಗ ಆ ಲಿವರಿನಿಂದ ಅವರಿಗೆ ಹೇಳಿಕೊಳ್ಳುವಂಥ ತೊಂದರೆ ಕಂಡಿರಲಿಲ್ಲ. ಲಿವರನ್ನು ಪ್ರಬಂಧದ ಶೀರ್ಷಿಕೆಯಲ್ಲಿಯೇ ಸೇರಿಸಿದ ವಿಲ್ಸನ್ನರ ಕಣ್ಣಿನಿಂದ ಅದು ತಪ್ಪಿರಲಿಲ್ಲ, ಆದರೆ ಅವರ ನಂತರದವರು ಬಹುಕಾಲ ನಡುಕವಿರುವ ರೋಗಿಯಲ್ಲಿ ಮಾತ್ರ ಈ ಕಾಯಿಲೆಯನ್ನು ನೆನೆದರು. ನಡುಕ ಬರುವ ಮೊದಲೇ ಲಿವರ್ ಕೆಟ್ಟು ಸತ್ತ ಮಕ್ಕಳು ಲೆಕ್ಕಕ್ಕೆ ಬರಲೇ ಇಲ್ಲ.

ತಾಮ್ರದ ಸುಳಿವು ಬೇರೆ ದಾರಿಯಿಂದ ಬಂತು. ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರಿನ ಉಂಗುರವನ್ನು ಜರ್ಮನಿಯ ಕಣ್ಣಿನ ವೈದ್ಯರಾದ ಕೈಸರ್ 1902ರಲ್ಲಿಯೂ ಫ್ಲೈಷರ್ 1903ರಲ್ಲಿಯೂ ವಿವರಿಸಿದ್ದರು. ಅದು ತಾಮ್ರವೆಂದು ಅವರಿಗೆ ತಿಳಿದಿರಲಿಲ್ಲ. 1913ರಲ್ಲಿ ರುಂಪೆಲ್ ಇಂಥ ರೋಗಿಯ ಲಿವರಿನಲ್ಲಿ ತಾಮ್ರ ಹೆಚ್ಚಿರುವುದನ್ನು ಅಳೆದರೂ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಲಿವರ್ ಮತ್ತು ಮಿದುಳು ಎರಡರಲ್ಲೂ ತಾಮ್ರ ತುಂಬಿರುವುದನ್ನು 1948ರಲ್ಲಿ ಕಮಿಂಗ್ಸ್ ತೋರಿಸಿದ ಮೇಲೆಯೇ ಮಾತು ಗಟ್ಟಿಯಾಯಿತು. ರಕ್ತದಲ್ಲಿ ತಾಮ್ರವನ್ನು ಹೊತ್ತು ತಿರುಗುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಈ ರೋಗಿಗಳಲ್ಲಿ ತೀರ ಕಡಿಮೆಯಿರುತ್ತದೆಂದು 1952ರಲ್ಲಿ ತಿಳಿಯಿತು. ಇದರೊಂದಿಗೆ, ನಡುಕವಿಲ್ಲದ ಮಗುವಿನಲ್ಲಿಯೂ ಕಾಯಿಲೆಯನ್ನು ಸಂಶಯಿಸಲು ಒಂದು ರಕ್ತಪರೀಕ್ಷೆ ದಕ್ಕಿತು.

ನಾವು ತಿನ್ನುವ ಆಹಾರದಲ್ಲಿ ದಿನಕ್ಕೆ ಒಂದೆರಡು ಮಿಲಿಗ್ರಾಂ ತಾಮ್ರ ಇರುತ್ತದೆ, ಅದು ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು. ಕರುಳು ಹೀರಿದ್ದು ಲಿವರಿಗೆ ಬರುತ್ತದೆ. ಅಲ್ಲಿ ಎಟಿಪಿ7ಬಿ ಎಂಬ ಪ್ರೋಟೀನ್ ಎರಡು ಕೆಲಸ ಮಾಡುತ್ತದೆ: ಸ್ವಲ್ಪ ತಾಮ್ರವನ್ನು ಸೆರುಲೋಪ್ಲಾಸ್ಮಿನ್ನಿಗೆ ಸೇರಿಸಿ ರಕ್ತಕ್ಕೆ ಬಿಡುತ್ತದೆ, ಮಿಕ್ಕಿದ್ದನ್ನು ಪಿತ್ತರಸಕ್ಕೆ ತಳ್ಳಿ ಮಲದೊಂದಿಗೆ ಹೊರಗೆ ಕಳಿಸುತ್ತದೆ. ಆ ಪ್ರೋಟೀನಿನ ಜೀನನ್ನು 1993ರಲ್ಲಿ ಗುರುತಿಸಲಾಯಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದ ಎರಡೂ ಪ್ರತಿಗಳು ಕೆಟ್ಟಿದ್ದರೆ ಎರಡೂ ಕೆಲಸ ನಿಲ್ಲುತ್ತವೆ. ಒಳಗೆ ಬಂದ ತಾಮ್ರ ಕೋಡಿ ಕಟ್ಟಿಹೋದ ಕೆರೆಯ ನೀರಿನಂತೆ ನಿಲ್ಲುತ್ತದೆ. ಹುಟ್ಟಿದಂದಿನಿಂದ ಸೇರುತ್ತ ಹೋಗಿ, ಸಾಮಾನ್ಯವಾಗಿ ಐದನೆಯ ವಯಸ್ಸಿನ ನಂತರ, ಹೆಚ್ಚಾಗಿ ಹರೆಯದಲ್ಲಿ ಲಿವರಿನ ಜೀವಕೋಶಗಳನ್ನು ಸಾಯಿಸತೊಡಗುತ್ತದೆ. ಲಿವರ್ ತಡೆಯಲಾರದ ತಾಮ್ರ ರಕ್ತಕ್ಕೆ ಚೆಲ್ಲಿ ಕಣ್ಣು ಮತ್ತು ಮಿದುಳನ್ನು ಸೇರುತ್ತದೆ. ಆದ್ದರಿಂದ ಮೊದಲು ಲಿವರಿನ ಲಕ್ಷಣಗಳು, ಎಷ್ಟೋ ವರ್ಷಗಳ ಮೇಲೆ ನರಗಳದ್ದು ಕಾಣಿಸುವುದು ರೂಢಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ತಾಮ್ರವೆಂದಾಕ್ಷಣ ನಮ್ಮ ಕಡೆ ಎಲ್ಲರ ಕಣ್ಣು ಹಂಡೆ, ಕೊಡಗಳ ಮೇಲೆ ಹೋಗುತ್ತದೆ. ಭಾರತದಲ್ಲಿ ಒಂದು ಕಾಲಕ್ಕೆ ಮೂರು ವರ್ಷದೊಳಗಿನ ಕೂಸುಗಳನ್ನು ಕೊಲ್ಲುತ್ತಿದ್ದ, ತಾಮ್ರ ತುಂಬಿದ ಇನ್ನೊಂದು ಲಿವರ್ ಕಾಯಿಲೆ ಇತ್ತು. ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲಿಗೆ ತಾಮ್ರ ಬಿಡುತ್ತಿತ್ತೆಂದು 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಅಧ್ಯಯನಗಳು ತೋರಿಸಿದವು, ಮತ್ತು ಮನೆಗಳಲ್ಲಿ ಹಾಲಿನ ಪಾತ್ರೆ ಸ್ಟೀಲಿಗೆ ಬದಲಾದಂತೆ ಆ ಕಾಯಿಲೆ ಹೆಚ್ಚುಕಡಿಮೆ ಕಾಣೆಯಾಯಿತು. ವಿಲ್ಸನ್ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ತಾಮ್ರದ ಒಂದು ಚಮಚ ಇಲ್ಲದಿದ್ದರೂ ಇದು ಬರುತ್ತದೆ. ಬಂದ ಮೇಲೆ ತಾಮ್ರದ ತಂಬಿಗೆಯ ನೀರು ಬಿಡಬೇಕು ಎನ್ನುವುದು ಸರಿಯೇ, ಚಿಕಿತ್ಸೆಯ ಮೊದಲ ವರ್ಷ ಪ್ರಾಣಿಗಳ ಲಿವರ್, ಅಣಬೆ, ಗೋಡಂಬಿ, ಚಾಕೊಲೇಟುಗಳನ್ನು ಬಿಡಿ ಎನ್ನುವುದೂ ಸರಿಯೇ. ಶೇಂಗಾ ಚಟ್ನಿಯ ಬಗ್ಗೆ ಕೇಳಿದರೆ ಅದನ್ನೂ ಮಿತಗೊಳಿಸಿ ಎನ್ನುತ್ತಾರೆ. ಆದರೆ ಪಥ್ಯವೊಂದರಿಂದಲೇ ಈ ಕಾಯಿಲೆ ನಿಲ್ಲುವುದಿಲ್ಲ.

ಪರೀಕ್ಷೆಗಳು ಹೇಗೆ ಒಂದರ ಮೇಲೊಂದು ಕೂಡುತ್ತವೆ ಎಂಬುದನ್ನು ನೋಡಲು, ಮೇಲೆ ಹೇಳಿದ ಹದಿನಾಲ್ಕರ ಹುಡುಗಿಯನ್ನು ಉದಾಹರಣೆಯಾಗಿಯೇ ಮುಂದುವರಿಸೋಣ. ಊರು ರಾಣೆಬೆನ್ನೂರು ತಾಲ್ಲೂಕಿನದೆಂದು, ತಾಯಿಯನ್ನು ಸೋದರಮಾವನಿಗೇ ಕೊಟ್ಟಿತ್ತೆಂದು ಇಟ್ಟುಕೊಳ್ಳೋಣ. ಕಾಮಣಿಯನ್ನು ಅಳೆಯುವ ಬಿಲಿರುಬಿನ್ 6ಕ್ಕೆ ಏರಿದೆ, ಲಿವರ್ ತಯಾರಿಸುವ ಅಲ್ಬುಮಿನ್ 2.8ಕ್ಕೆ, ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಕೆಂಪು ರಕ್ತಕಣಗಳು ಒಡೆಯುತ್ತಿವೆ, ಆದರೆ ದೇಹದ ಪ್ರತಿಕಾಯಗಳೇ ಅವನ್ನು ಒಡೆಯುತ್ತಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್. ಎಳೆಯ ವಯಸ್ಸು, ಕೆಟ್ಟ ಲಿವರ್, ಕೂಂಬ್ಸ್ ನೆಗೆಟಿವ್ ಆದರೂ ಒಡೆಯುವ ರಕ್ತ, ಈ ಮೂರು ಕೂಡಿದರೆ ಅನುಭವಿ ವೈದ್ಯರು ಅಲ್ಲಿಯೇ ತಾಮ್ರದ ಮಾತೆತ್ತುತ್ತಾರೆ.

ಮುಂದೆ ಸೆರುಲೋಪ್ಲಾಸ್ಮಿನ್. ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಂಶಯ, 10ಕ್ಕಿಂತ ಕಡಿಮೆಯಿದ್ದರೆ ಬಲವಾದ ಸಂಶಯ. ನಮ್ಮ ಹುಡುಗಿಗೆ 8. ಇದೊಂದನ್ನೇ ನಂಬುವಂತಿಲ್ಲ. ದೇಹದಲ್ಲಿ ಉರಿಯೂತವಿದ್ದಾಗ ಅದು ಏರುವುದರಿಂದ ರೋಗವಿದ್ದವರಲ್ಲಿಯೂ ಸರಿಯಾಗಿಯೇ ಕಾಣಬಹುದು, ಬೇರಾವುದೋ ಕಾರಣಕ್ಕೆ ಲಿವರ್ ಪೂರ್ತಿ ಸೋತವರಲ್ಲಿ ವಿಲ್ಸನ್ ಇಲ್ಲದೆಯೂ ಇಳಿಯಬಹುದು. ಆದ್ದರಿಂದ 24 ಗಂಟೆಯ ಮೂತ್ರದಲ್ಲಿನ ತಾಮ್ರವನ್ನು ಅಳೆಯುತ್ತಾರೆ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಆಮೇಲಿನದೆಲ್ಲವನ್ನೂ, ಮರುದಿನ ಬೆಳಗಿನ ಮೊದಲನೆಯದನ್ನೂ ಸೇರಿಸಿ, ಪ್ರಯೋಗಾಲಯ ಕೊಟ್ಟ ಪ್ಲಾಸ್ಟಿಕ್ ಕ್ಯಾನಿಗೇ ಹಿಡಿಯಬೇಕು. ಮನೆಯ ಲೋಹದ ಚೊಂಬಿನಲ್ಲಿ ಹಿಡಿದು ಕ್ಯಾನಿಗೆ ಸುರಿದರೆ ಪಾತ್ರೆಯ ತಾಮ್ರವೂ ಲೆಕ್ಕಕ್ಕೆ ಸೇರುತ್ತದೆ, ನಡುವೆ ಒಂದು ಸಲ ಮರೆತರೆ ಲೆಕ್ಕ ಕಡಿಮೆ ಬರುತ್ತದೆ. ಈ ಪರೀಕ್ಷೆ ಕೆಡುವುದು ಯಂತ್ರದಲ್ಲಿ ಅಲ್ಲ, ಹೆಚ್ಚಾಗಿ ವಾರ್ಡಿನ ಶೌಚಾಲಯದಲ್ಲಿ. ದಿನಕ್ಕೆ 100 ಮೈಕ್ರೋಗ್ರಾಂ ದಾಟಿದರೆ ವಿಲ್ಸನ್ನಿಗೆ ಹೊಂದುತ್ತದೆ, ಮಕ್ಕಳಲ್ಲಿ 40 ದಾಟಿದರೂ ಮುಂದೆ ನೋಡಬೇಕು. ಹುಡುಗಿಗೆ 320.

ಕೊನೆಗೆ ಕಣ್ಣು. ಉಂಗುರ ಟಾರ್ಚಿನ ಬೆಳಕಿಗೆ ಕಾಣದೆ ಹೋಗಬಹುದು, ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕು. ನರಗಳ ತೊಂದರೆಯಿರುವ ಬಹುತೇಕರಲ್ಲಿ ಅದು ಇರುತ್ತದೆ. ಲಿವರಿನ ತೊಂದರೆ ಮಾತ್ರ ಇರುವವರಲ್ಲಿ ಅರ್ಧದಷ್ಟು ಜನಕ್ಕೆ ಇರುವುದೇ ಇಲ್ಲ. ಹುಡುಗಿಗೆ ಇದೆ. ಬಳಕೆಯಲ್ಲಿರುವ ಲೈಪ್‌ಜಿಗ್ ಅಂಕಪದ್ಧತಿಯಲ್ಲಿ ಉಂಗುರಕ್ಕೆ 2, ಸೆರುಲೋಪ್ಲಾಸ್ಮಿನ್ನಿಗೆ 2, ಮೂತ್ರದ ತಾಮ್ರಕ್ಕೆ 2, ಒಡೆಯುವ ರಕ್ತಕ್ಕೆ 1, ಒಟ್ಟು 7. ನಾಲ್ಕಾದರೆ ಕಾಯಿಲೆ ಇದೆಯೆಂದು ಒಪ್ಪುತ್ತಾರೆ. ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿರುವ ಇವಳ ಲಿವರಿಗೆ ಬಯಾಪ್ಸಿಯ ಸೂಜಿ ಹಾಕುವ ಅಗತ್ಯ ಉಳಿಯಲಿಲ್ಲ.

ಅವಳಿಗೆ ಹತ್ತು ವರ್ಷದ ತಮ್ಮನಿದ್ದಾನೆ. ಆಡಿಕೊಂಡಿರುವ ಹುಡುಗ, ಅವನಿಗೇಕೆ ಪರೀಕ್ಷೆ ಎಂದು ಮನೆಯವರು ಕೇಳುತ್ತಾರೆ. ತಂದೆ ತಾಯಿ ಇಬ್ಬರಲ್ಲಿಯೂ ಕೆಟ್ಟ ಪ್ರತಿ ಒಂದೊಂದು ಇರುವುದರಿಂದ, ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಳಸಂಬಂಧದ ಮದುವೆಯಲ್ಲಿ ಒಬ್ಬ ಹಿರಿಯರಿಂದ ಇಳಿದ ಅದೇ ಪ್ರತಿ ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚು. ತಮ್ಮನ ಸೆರುಲೋಪ್ಲಾಸ್ಮಿನ್ 12, ಮೂತ್ರದ ತಾಮ್ರ 88, ಲಿವರಿನ ಕಿಣ್ವ ತುಸು ಏರಿದೆ, ಉಂಗುರವಿಲ್ಲ. ಅಂಕ ನಾಲ್ಕನ್ನು ಮುಟ್ಟುವುದಿಲ್ಲ. ಇಲ್ಲಿ ಜೀನ್ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ: ಅಕ್ಕನಲ್ಲಿ ಸಿಕ್ಕ ಬದಲಾವಣೆಯನ್ನೇ ತಮ್ಮನಲ್ಲಿ ಹುಡುಕಿ, ಎರಡೂ ಪ್ರತಿಗಳಲ್ಲಿ ಕಂಡರೆ ಸಂಶಯ ಮುಗಿಯಿತು. ಲಕ್ಷಣವಿಲ್ಲದ ಅವನಿಗೆ ಸತುವಿನ ಮಾತ್ರೆ ಸಾಕಾಗಬಹುದು. ಅದು ಕರುಳಿನ ಪೊರೆಯಲ್ಲಿಯೇ ತಾಮ್ರವನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ, ಪೊರೆ ಉದುರಿದಾಗ ತಾಮ್ರ ಮಲದೊಂದಿಗೆ ಹೋಗುತ್ತದೆ.

ಅಕ್ಕನಿಗೆ ಸೇರಿಹೋದ ತಾಮ್ರವನ್ನು ತೆಗೆಯುವ ಔಷಧ ಬೇಕು. ಅದರ ಮೊದಲ ರೂಪ 1951ರ ಸುಮಾರಿಗೆ ಬಂದ ಬಾಲ್ ಎಂಬ ಇಂಜೆಕ್ಷನ್. ಶೇಂಗಾ ಎಣ್ಣೆಯಲ್ಲಿ ಕಲಸಿದ ಅದನ್ನು ಮಾಂಸಖಂಡಕ್ಕೆ ಮತ್ತೆ ಮತ್ತೆ ಚುಚ್ಚಬೇಕಿತ್ತು, ನೋವು ಬಹಳ. 1956ರಲ್ಲಿ ಜಾನ್ ವಾಲ್ಷ್ ಎಂಬ ಬ್ರಿಟಿಷ್ ವೈದ್ಯರು, ಪೆನಿಸಿಲಿನ್ ಪಡೆದ ರೋಗಿಗಳ ಮೂತ್ರದಲ್ಲಿ ತಾವು ಹಿಂದೆ ಕಂಡಿದ್ದ ಪೆನಿಸಿಲಮೈನ್ ತಾಮ್ರವನ್ನು ಕಟ್ಟಿ ಮೂತ್ರಕ್ಕೆ ತರಬಲ್ಲದೆಂದು ತೋರಿಸಿದರು. ಬಾಯಿಗೆ ಹಾಕಿಕೊಳ್ಳುವ ಗುಳಿಗೆಯಿಂದ ಈ ಕಾಯಿಲೆ ಹತೋಟಿಗೆ ಬಂದದ್ದು ಆಗ. ಇಂದಿಗೂ ಅದೇ ಮುಖ್ಯ ಔಷಧ: 250 ಮಿಲಿಗ್ರಾಂನಿಂದ ಆರಂಭಿಸಿ, 38 ಕಿಲೋ ತೂಕದ ಹುಡುಗಿಗೆ ನಿಧಾನವಾಗಿ ದಿನಕ್ಕೆ 750ರವರೆಗೆ ಏರಿಸಿ, ಊಟಕ್ಕೆ ಒಂದು ತಾಸು ಮೊದಲು, ಪೈರಿಡಾಕ್ಸಿನ್ ಎಂಬ ಬಿ6 ಜೀವಸತ್ವದ ಜೊತೆಗೆ. ಜ್ವರ, ಮೈಮೇಲೆ ಗಂಧೆ, ಮೂತ್ರದಲ್ಲಿ ಪ್ರೋಟೀನ್, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ಟುಗಳ ಇಳಿಕೆ ಇವುಗಳಿಗಾಗಿ ಮೊದಲ ತಿಂಗಳುಗಳಲ್ಲಿ ಮೇಲಿಂದ ಮೇಲೆ ಪರೀಕ್ಷೆ ಬೇಕಾಗುತ್ತದೆ. ಸಹಿಸದವರಿಗೆ ಟ್ರೈಎಂಟೀನ್ ಎಂಬ ಇನ್ನೊಂದು ಔಷಧ ಇದೆ. ಕೆಲವೇ ದಿನಗಳಲ್ಲಿ ಲಿವರ್ ಪೂರ್ತಿ ಸೋತು ಪ್ರಜ್ಞೆ ತಪ್ಪುವ ಹಂತಕ್ಕೆ ಬಂದವರಿಗೆ ಗುಳಿಗೆ ಸಾಲುವುದಿಲ್ಲ, ಲಿವರ್ ಕಸಿಯೇ ಗತಿ. ಅಂಥವರನ್ನು ತಡಮಾಡದೆ ಕಸಿ ನಡೆಯುವ ಆಸ್ಪತ್ರೆಗೆ ಕಳಿಸಬೇಕು.

ಸುಧಾರಣೆ ಕಾಣಲು ತಿಂಗಳುಗಳೇ ಬೇಕು, ಕಂಡ ಮೇಲೆ ಔಷಧ ಜೀವನಪರ್ಯಂತ ನಡೆಯಬೇಕು. ಒಂದೆರಡು ವರ್ಷಕ್ಕೆ ಹುಡುಗಿ ಚೆನ್ನಾಗಿ ತುಂಬಿಕೊಂಡು, ಮದುವೆಯ ಮಾತು ಬಂದಾಗ, ಗುಳಿಗೆ ಬಿಡಿಸುವ ಮನೆಗಳಿವೆ. ಹಾಗೆ ಬಿಟ್ಟವರಲ್ಲಿ ಮರಳುವ ಲಿವರಿನ ಸೋಲು ಮೊದಲಿನದಕ್ಕಿಂತ ಭೀಕರವಾಗಿರುತ್ತದೆ. ಬಸಿರಿನಲ್ಲಿಯೂ ವೈದ್ಯರು ಪ್ರಮಾಣ ತಗ್ಗಿಸುತ್ತಾರೆಯೇ ಹೊರತು ನಿಲ್ಲಿಸುವುದಿಲ್ಲ. ಗುಳಿಗೆ ನಡೆಯುತ್ತಿದೆಯೇ ಎಂಬುದನ್ನು ಅದೇ 24 ಗಂಟೆಯ ಮೂತ್ರ ಹೇಳುತ್ತದೆ. ಪೆನಿಸಿಲಮೈನ್ ಸರಿಯಾಗಿ ನುಂಗುತ್ತಿರುವವರಲ್ಲಿ, ಮೊದಲ ವರ್ಷದ ನಂತರ, ದಿನಕ್ಕೆ 200ರಿಂದ 500 ಮೈಕ್ರೋಗ್ರಾಂ ತಾಮ್ರ ಹೊರಬರುತ್ತಿರಬೇಕು. ಅದು ಬಹಳ ಕೆಳಗಿಳಿದು ಲಿವರಿನ ಕಿಣ್ವಗಳು ಏರುತ್ತಿದ್ದರೆ, ಔಷಧ ಕೆಲಸ ಮಾಡುತ್ತಿಲ್ಲವೆಂದು ಬೇರೆಯದಕ್ಕೆ ಬದಲಿಸುವ ಮೊದಲು, ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಗುಳಿಗೆ ಯಾವಾಗ ಬಿಟ್ಟೆಯೆಂದು ಕೇಳುವುದು ವೈದ್ಯರ ವಾಡಿಕೆ.