ಪದ ಪರಿಚಯ: ಅಲರ್ಜನ್ ಡಿಕ್ಲರೇಶನ್

ಮನೆಯಲ್ಲಿ ಮಾಡಿದ ಸೋಪು, ಕ್ರೀಮು ಮಾರುವವರು ಪರಿಮಳದ ಎಣ್ಣೆ ಕೊಳ್ಳುವಾಗ ಎರಡು ಕಾಗದ ಕೇಳಿ ಪಡೆಯಬೇಕು. ಒಂದು, ಇಫ್ರಾ ಅನ್ನುವ ಅಂತರರಾಷ್ಟ್ರೀಯ ಸುಗಂಧ ಸಂಘದ ನಿಯಮದಂತೆ ಕೊಡುವ ಇಫ್ರಾ ಸರ್ಟಿಫಿಕೇಟ್. ಆ ಎಣ್ಣೆಯನ್ನು ಸೋಪಿಗೆ ಎಷ್ಟು, ಕ್ರೀಮಿಗೆ ಎಷ್ಟು ಹಾಕಬಹುದು ಅಂತ ಅದು ಹೇಳುತ್ತದೆ. ಇನ್ನೊಂದು ಅಲರ್ಜನ್ ಡಿಕ್ಲರೇಶನ್. ಎಣ್ಣೆಯೊಳಗೆ ಅಲರ್ಜಿ ತರಬಲ್ಲ ಯಾವ್ಯಾವ ಅಂಶ ಎಷ್ಟೆಷ್ಟಿದೆ ಅನ್ನುವ ಪಟ್ಟಿ ಇದು. ಮೊದಲನೆಯದು ಕೈಯಲ್ಲಿದ್ದರೆ ಸಾಕು ಅಂದುಕೊಂಡು ಎರಡನೆಯದನ್ನು ಬಿಡುವವರು ಜಾಸ್ತಿ. ಆದರೆ ಲೇಬಲ್ ಬರೆಯಲು ಬೇಕಾಗುವುದು ಎರಡನೆಯದೇ.

ಯಾಕೆಂದರೆ ಲೇಬಲ್ ಮೇಲೆ ಸುಮ್ನೆ ‘ಪರ್ಫ್ಯೂಮ್’ ಅಂತ ಬರೆದರೆ ಮುಗಿಯುವುದಿಲ್ಲ. ಯುರೋಪ್ ಒಕ್ಕೂಟದ ನಿಯಮವನ್ನೇ ನೋಡೋಣ. ಪಟ್ಟಿಯಲ್ಲಿರುವ ಅಲರ್ಜನ್, ತೊಳೆದು ಹೋಗುವ ಸೋಪಿನಲ್ಲಿ ಶೇ. 0.01 ಮೀರಿದರೆ, ಚರ್ಮದ ಮೇಲೇ ಉಳಿಯುವ ಕ್ರೀಮಿನಲ್ಲಿ ಶೇ. 0.001 ಮೀರಿದರೆ, ಅದರ ಹೆಸರನ್ನು ಬೇರೆಯಾಗಿ ಬರೆಯಬೇಕು. ಕ್ರೀಮು ಗಂಟೆಗಟ್ಟಲೆ ಮೈಮೇಲಿರುತ್ತದೆ ಅಲ್ವಾ, ಅದಕ್ಕೇ ಅದಕ್ಕೆ ಹತ್ತು ಪಟ್ಟು ಬಿಗಿ. ಆ ಪಟ್ಟಿಯಲ್ಲಿ ಮೊದಲು 26 ಹೆಸರುಗಳಿದ್ದವು, 2023ರ ತಿದ್ದುಪಡಿಯಿಂದ 80ಕ್ಕೂ ಹೆಚ್ಚಾಗಿವೆ.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಲ್ಯಾವೆಂಡರ್ ಎಣ್ಣೆಯಲ್ಲಿ ಆ ಪಟ್ಟಿಯ ಎರಡು ಅಲರ್ಜನ್ ಇವೆ, ಲಿನಲೂಲ್ ಶೇ. 30, ಲಿಮೋನೀನ್ ಶೇ. 0.5 ಅಂತ ಡಿಕ್ಲರೇಶನ್ ಹೇಳುತ್ತದೆ ಅಂದುಕೊಳ್ಳಿ. ಒಂದು ಕಿಲೋ ಸೋಪಿಗೆ 10 ಗ್ರಾಂ ಎಣ್ಣೆ ಹಾಕಿದಿರಿ, ಒಂದು ಕಿಲೋ ಕ್ರೀಮಿಗೆ ಬರೀ 5 ಗ್ರಾಂ. ಸೋಪಿನಲ್ಲಿ ಲಿನಲೂಲ್ ಶೇ. 0.3, ಕ್ರೀಮಿನಲ್ಲಿ ಶೇ. 0.15. ಎರಡೂ ಮಿತಿ ದಾಟಿವೆ, ಎರಡರಲ್ಲೂ ಹೆಸರು ಬರೆಯಲೇಬೇಕು. ಲಿಮೋನೀನ್ ಮಾತ್ರ ಸೋಪಿನಲ್ಲಿ ಶೇ. 0.005, ಅಂದರೆ ಮಿತಿಯೊಳಗೇ ಇದೆ. ಕ್ರೀಮಿನಲ್ಲಿ ಶೇ. 0.0025, ಆದರೂ ಮಿತಿ ದಾಟಿತು! ಎಣ್ಣೆ ಅರ್ಧದಷ್ಟೇ ಹಾಕಿದ ಕ್ರೀಮಿನ ಲೇಬಲ್ಲಿಗೇ ಒಂದು ಹೆಸರು ಹೆಚ್ಚು ಬೇಕಾಯಿತು. ಸೋಪಿನ ಲೇಬಲ್ಲನ್ನೇ ನಕಲು ಮಾಡಿ ಕ್ರೀಮಿಗೆ ಅಂಟಿಸಿದರೆ ತಪ್ಪುವುದು ಇಲ್ಲೇ.

‘ಇದು ಗಿಡದ ಎಣ್ಣೆ, ನ್ಯಾಚುರಲ್’ ಅನ್ನುವ ಮಾತಿಗೆ ಇಲ್ಲಿ ಯಾವ ವಿನಾಯಿತಿಯೂ ಇಲ್ಲ. ಲಿನಲೂಲ್ ಇರುವುದೇ ಗಿಡದಲ್ಲಿ. ಅದಕ್ಕಿಂತ ಮುಖ್ಯವಾಗಿ, ಬಾಟಲಿ ತೆರೆದಿಟ್ಟು ಗಾಳಿ ತಗುಲಿದರೆ ಅದು ಆಕ್ಸಿಡೈಸ್ ಆಗಿ ಚರ್ಮಕ್ಕೆ ಇನ್ನಷ್ಟು ಅಲರ್ಜಿ ತರುವ ರೂಪಕ್ಕೆ ತಿರುಗುತ್ತದೆ. ಹಾಗಾಗಿ ಹಳೆಯ ಎಣ್ಣೆಯನ್ನು ಮಾರುವ ಕ್ರೀಮಿಗೆ ಹಾಕಬೇಡಿ.

ಒಂದು ವಿಷಯ ಮರೆಯಬೇಡಿ: ಗಿಡದ ಎಣ್ಣೆಯ ಅಂಶಗಳ ಪ್ರಮಾಣ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಬೇರೆಯವರಿಂದ ಎಣ್ಣೆ ತಂದರೆ ಹೊಸ ಡಿಕ್ಲರೇಶನ್ ತರಿಸಿ, ಲೆಕ್ಕ ಮತ್ತೆ ಮಾಡಿ. ನಿಮ್ಮ ರೆಸಿಪಿಗೆ ಸುರಕ್ಷತಾ ವರದಿ ಬರೆದುಕೊಟ್ಟ ತಜ್ಞರಿಗೂ ತಿಳಿಸಿ, ಅವರು ಸಹಿ ಹಾಕಿದ್ದು ಹಳೆಯ ಎಣ್ಣೆಯ ಅಂಕಿಗಳಿಗೆ. ಯಾವ ಬ್ಯಾಚಿಗೆ ಯಾವ ಎಣ್ಣೆ ಹೋಯಿತು ಅಂತ ಬರೆದಿಟ್ಟು ಬ್ಯಾಚ್ ನಂಬರನ್ನು ಡಬ್ಬಿಯ ಮೇಲೂ ಹಾಕಿದ್ದರೆ, ಯಾರಾದರೂ ‘ಕೈ ತುರಿಸುತ್ತಿದೆ’ ಅಂತ ಬಂದ ದಿನ ಯಾವ ಎಣ್ಣೆ, ಅದರಲ್ಲಿ ಏನಿತ್ತು ಅಂತ ಕೂಡಲೇ ಹೇಳಬಹುದು.